ಒಂದೇ ವರ್ಷ, ಹಲವು ಕೃತಿ: ಅಕ್ಷರವು ಹೇಳದ ಮಾತು

ಕುವೆಂಪು ಅವರ ‘ಅಗ್ನಿಹಂಸ’, ‘ಕೃತ್ತಿಕೆ’, ‘ಪಕ್ಷಿಕಾಶಿ’, ‘ಕಿಂಕಿಣಿ’ ಎಂಬ ನಾಲ್ಕು ಕಾವ್ಯಕೃತಿಗಳೂ 1946ರಲ್ಲಿ ಪ್ರಕಟವಾದವು. ಹೀಗಾಗಿ ಪ್ರಬಂಧವೊಂದರಲ್ಲಿ ‘ಕುವೆಂಪು 1946’ ಎಂದಷ್ಟೇ ಬರೆದರೆ ಓದುಗ ಯಾವ ಪುಸ್ತಕವನ್ನು ತೆರೆಯಬೇಕೆಂಬುದು ತಿಳಿಯದು. ವರ್ಷದ ಬೆನ್ನಿಗೇ ಅಕ್ಷರವೊಂದನ್ನು ಸೇರಿಸುವ ಪದ್ಧತಿ ಹುಟ್ಟಿದ್ದು ಈ ಅಗತ್ಯದಿಂದ.

ಆ ಅಕ್ಷರವನ್ನು ನಿರ್ಧರಿಸುವುದು ಶೀರ್ಷಿಕೆಯ ಅಕಾರಾದಿ ಕ್ರಮ. ಎಪಿಎ, ಶಿಕಾಗೊ ಪದ್ಧತಿಗಳೆರಡೂ ಇದನ್ನೇ ಹೇಳುತ್ತವೆ. ಪ್ರಬಂಧದಲ್ಲಿ ಮೊದಲು ಉಲ್ಲೇಖವಾದ ಕೃತಿಗೆ ‘ಅ’ ಸಲ್ಲಬೇಕೆಂದಿಲ್ಲ. ಮೊದಲು ಅಚ್ಚಾದ ಕೃತಿಗೂ ಅಲ್ಲ. ಆದ್ದರಿಂದ 1946ಅ ಎಂಬುದು 1946ಇ ಎಂಬುದಕ್ಕಿಂತ ಹಿಂದಿನದೆಂದು ಭಾವಿಸಿ, ಅದರ ಮೇಲೆ ಕವಿಯ ಬೆಳವಣಿಗೆಯ ವಾದವನ್ನು ಕಟ್ಟುವುದು ತಪ್ಪು. ಪ್ರಕಟಣೆಯ ಅನುಕ್ರಮ ಬೇಕಾದವರು ಅದಕ್ಕೆ ಬೇರೆ ಆಧಾರವನ್ನೇ ಹುಡುಕಬೇಕು.

ನಿಜವಾದ ಅಪಾಯವಿರುವುದು ಕೊನೆಯ ಹಂತದ ಸೇರ್ಪಡೆಯಲ್ಲಿ. ಸಂಶೋಧಕನೊಬ್ಬ ಮೊದಲು ಮೂರು ಕೃತಿಗಳನ್ನಷ್ಟೇ ಬಳಸಿ ಅಗ್ನಿಹಂಸಕ್ಕೆ 1946ಅ, ಕೃತ್ತಿಕೆಗೆ 1946ಆ, ಪಕ್ಷಿಕಾಶಿಗೆ 1946ಇ ಎಂದು ಗುರುತಿಸಿದನೆನ್ನೋಣ. ಬಳಿಕ ಕಿಂಕಿಣಿ ಸೇರಿತು. ‘ಕಿ’ ಎಂಬುದು ‘ಕೃ’ಗಿಂತ ಮೊದಲು ಬರುವುದರಿಂದ ಕಿಂಕಿಣಿಯೇ 1946ಆ ಆಗುತ್ತದೆ, ಕೃತ್ತಿಕೆ ‘ಇ’ಗೆ, ಪಕ್ಷಿಕಾಶಿ ‘ಈ’ಗೆ ಸರಿಯುತ್ತವೆ. ಗ್ರಂಥಸೂಚಿಯನ್ನು ತಿದ್ದಿ ಪಠ್ಯವನ್ನು ಹಾಗೆಯೇ ಬಿಟ್ಟರೆ ಕೃತ್ತಿಕೆಯ ಸಾನೆಟ್ಟನ್ನು ಹುಡುಕುವವನು ಕಿಂಕಿಣಿಯನ್ನು ತೆರೆಯುತ್ತಾನೆ. ಆ ಅಕ್ಷರವೂ ಸೂಚಿಯಲ್ಲಿ ಇರುವುದರಿಂದ ತಪ್ಪು ಮೇಲ್ನೋಟಕ್ಕೆ ಕಾಣುವುದೇ ಇಲ್ಲ. ಸುಳಿವೊಂದೇ: ಸೂಚಿಯಲ್ಲಿರುವ ‘ಈ’ ಪಠ್ಯದಲ್ಲೆಲ್ಲೂ ಸಿಗುವುದಿಲ್ಲ.

ತಿದ್ದುವಾಗ ಕೊನೆಯಿಂದ ಹಿಂದಕ್ಕೆ ಬರಬೇಕು. ಮೊದಲು ‘ಇ’ಯನ್ನು ‘ಈ’ ಮಾಡಿ, ಆಮೇಲೆ ‘ಆ’ವನ್ನು ‘ಇ’ ಮಾಡಿ, ಕೊನೆಗೆ ಕಿಂಕಿಣಿಯ ಉಲ್ಲೇಖಗಳನ್ನು ಸೇರಿಸಬೇಕು. ಕ್ರಮ ತಿರುಗಿದರೆ ಕೃತ್ತಿಕೆ, ಪಕ್ಷಿಕಾಶಿಗಳೆರಡೂ ಒಂದೇ ಅಕ್ಷರದಲ್ಲಿ ಬೆರೆತುಹೋಗುತ್ತವೆ. ಮತ್ತೆ ಬೇರ್ಪಡಿಸಲು ಪ್ರತಿ ಉಲ್ಲೇಖವನ್ನೂ ಮೂಲದೊಡನೆ ಹೋಲಿಸಬೇಕಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ, ಕರಡಿನುದ್ದಕ್ಕೂ ‘ಕುವೆಂಪು 1946 ಕೃತ್ತಿಕೆ’ ಎಂದೇ ಬರೆದು, ಸೂಚಿ ಪೂರ್ಣಗೊಂಡ ಮೇಲಷ್ಟೇ ಶೀರ್ಷಿಕೆಗಳನ್ನು ಅಕ್ಷರಗಳಾಗಿ ಬದಲಿಸುವುದು.

ಅಕ್ಷರವೇ ಬೇಡವಾದ ಸಂದರ್ಭವೂ ಉಂಟು. ಆ.ನೇ. ಉಪಾಧ್ಯೆ ಅವರು ಒಬ್ಬರೇ ಸಂಪಾದಿಸಿದ ‘ಬೃಹತ್ಕಥಾಕೋಶ’ವೂ ಹೀರಾಲಾಲ್ ಜೈನ್ ಅವರೊಡನೆ ಸಂಪಾದಿಸಿದ ‘ತಿಲೋಯಪಣ್ಣತ್ತಿ’ಯ ಮೊದಲ ಭಾಗವೂ 1943ರವು. ಇಲ್ಲಿ ‘ಉಪಾಧ್ಯೆ 1943’, ‘ಉಪಾಧ್ಯೆ ಮತ್ತು ಜೈನ್ 1943’ ಎಂಬ ಹೆಸರುಗಳೇ ಎರಡನ್ನೂ ಬೇರ್ಪಡಿಸುತ್ತವೆ. ಸೂಚಿಯಲ್ಲಿ ಒಬ್ಬರೇ ಮಾಡಿದ ಕೃತಿ ಮೊದಲು ಬಂದರೆ ಸಾಕು. ಇವಕ್ಕೆ ‘ಅ’, ‘ಆ’ ಹಚ್ಚಿದರೆ, ಎರಡೂ ಒಬ್ಬರದೇ ದುಡಿಮೆಯೆಂದು ಓದುಗ ತಿಳಿಯುತ್ತಾನೆ. ಜೊತೆಗಾರ ವಿದ್ವಾಂಸರ ಪಾಲು ಮರೆಯಾಗುತ್ತದೆ.