ಏಳು ಗಂಟೆಯ ಕಡಿತ, ನಾಲ್ಕು ಗಂಟೆಯ ತಂಪು

ವಿದ್ಯುತ್ ನಿಲುಗಡೆಯ ಪ್ರಕಟಣೆಗಳನ್ನು ನಾನು ತಪ್ಪದೇ ಓದುತ್ತೇನೆ. ಬಡಾವಣೆಗಳ ಹೆಸರುಗಳ ಉದ್ದನೆಯ ಪಟ್ಟಿ, ಅದರ ಜೊತೆಗೆ 'ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ' ಎಂಬ ಒಂದು ಸಾಲು. ಈ ಏಳು ಗಂಟೆಯ ಲೆಕ್ಕ ಹುಟ್ಟಿದ್ದು ಮಾರ್ಗದ ದುರಸ್ತಿ ಮಾಡುವವರ ಅಗತ್ಯದಿಂದ. ಅಡುಗೆಮನೆಯ ಫ್ರಿಜ್ಜಿನ ಲೆಕ್ಕವೇ ಬೇರೆ. ಬಾಗಿಲನ್ನು ತೆರೆಯದೆ ಇದ್ದರೆ ಅದು ತನ್ನೊಳಗಿನ ಆಹಾರವನ್ನು ಸುರಕ್ಷಿತವಾದ ತಂಪಿನಲ್ಲಿ ಇಟ್ಟುಕೊಳ್ಳುವುದು ಸುಮಾರು ನಾಲ್ಕು ಗಂಟೆ ಮಾತ್ರ. ಉಳಿದ ಮೂರು ಗಂಟೆಗಳ ಹೊಣೆ ಯಾರದು ಎಂಬುದನ್ನು ಯಾವ ಪ್ರಕಟಣೆಯೂ ಹೇಳುವುದಿಲ್ಲ.

2023ರಲ್ಲಿ ಮುಂಗಾರು ಕೈಕೊಟ್ಟು, ಅದೇ ಅಕ್ಟೋಬರ್‌ನಲ್ಲಿ ರಾಜ್ಯ ವಿದ್ಯುತ್ ಕೊರತೆಯನ್ನು ಎದುರಿಸಿತು. ಮರುವರ್ಷದ ಮಾರ್ಚ್‌ನಲ್ಲಿ ಬೆಂಗಳೂರಿನ ಸಾವಿರಾರು ಕೊಳವೆ ಬಾವಿಗಳು ಬತ್ತಿದವು. ಎರಡರ ಮೂಲವೂ ಒಂದೇ ಬರ. ನಗರದ ಮನೆಯಲ್ಲಿಯಂತೂ ಇವೆರಡು ಇನ್ನೂ ಹತ್ತಿರದ ನೆಂಟರು: ಕರೆಂಟು ಹೋದರೆ ಸಂಪಿನ ಪಂಪು ನಿಲ್ಲುತ್ತದೆ, ಮೇಲಿನ ಟ್ಯಾಂಕು ಬರಿದಾದ ಮೇಲೆ ನಲ್ಲಿಯೂ ನಿಲ್ಲುತ್ತದೆ. ಅಂಥ ದಿನದಲ್ಲಿ ಅಡುಗೆಮನೆಯನ್ನು ನಡೆಸುವವರಿಗೆ ಬೇಕಾದದ್ದು ಒಂದಿಷ್ಟು ಉಷ್ಣಶಾಸ್ತ್ರ. ಅದು ಕಷ್ಟದ್ದೇನೂ ಅಲ್ಲ.

ಒಂದು ಕಿಲೋ ಮಂಜುಗಡ್ಡೆ ಪೂರ್ತಿ ಕರಗಲು ಹೀರಿಕೊಳ್ಳುವ ಶಾಖ, ನಾಲ್ಕು ಲೀಟರ್ ನೀರನ್ನು 20 ಡಿಗ್ರಿಯಷ್ಟು ಬಿಸಿ ಮಾಡಲು ಬೇಕಾಗುವ ಶಾಖಕ್ಕೆ ಸಮ. ಕರಗಿ ಮುಗಿಯುವವರೆಗೂ ಅದರ ಉಷ್ಣತೆ ಸೊನ್ನೆಯ ಮೇಲೇರುವುದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಪೆಟ್ಟಿಗೆಗಳ ಗುಟ್ಟು ಇದೇ. ಅವುಗಳ ಒಳಗೋಡೆಯ ಸುತ್ತ ಮಂಜುಗಡ್ಡೆಯ ಪದರವಿರುತ್ತದೆ. ದಿನಕ್ಕೆ ಎಂಟು ಗಂಟೆ ವಿದ್ಯುತ್ ಸಿಕ್ಕರೂ ಲಸಿಕೆಯನ್ನು 2ರಿಂದ 8 ಡಿಗ್ರಿಯೊಳಗೆ ಕಾಯುವಂತೆ ಅವುಗಳನ್ನು ರೂಪಿಸಲಾಗಿದೆ. ನಮ್ಮ ಫ್ರಿಜ್ಜಿಗೆ ಅಂಥ ಪದರವಿಲ್ಲ. ಆದರೆ ಹಿಂದಿನ ರಾತ್ರಿ ಲೀಟರ್ ಬಾಟಲಿಗಳಲ್ಲಿ, ಹಿಗ್ಗಲು ಸ್ವಲ್ಪ ಜಾಗ ಬಿಟ್ಟು, ನೀರು ತುಂಬಿ ಫ್ರೀಜರಿನಲ್ಲಿ ಇಟ್ಟರೆ ಬೆಳಿಗ್ಗೆಗೆ ಅದರ ಸರಳ ರೂಪ ಸಿದ್ಧ. ಕರಗಿದ ಮೇಲೆ ಆ ನೀರು ಕುಡಿಯಲೂ ಆಗುತ್ತದೆ.

ಇಲ್ಲಿ ಬಹಳ ಜನ ಗಮನಿಸದ ಒಂದು ಸಂಗತಿಯಿದೆ. ಹಳೆಯ ಒಂಟಿ ಬಾಗಿಲಿನ ಫ್ರಿಜ್ಜಿನಲ್ಲಿ ಮಂಜಿನ ಪೆಟ್ಟಿಗೆ ಒಳಗೇ ಮೇಲ್ಗಡೆ ಇರುತ್ತದೆ. ತಂಪು ಗಾಳಿ ಭಾರವಾದ್ದರಿಂದ ತಾನಾಗಿಯೇ ಕೆಳಗಿಳಿಯುತ್ತದೆ. ಈಗ ಹೆಚ್ಚಾಗಿ ಕೊಳ್ಳುವ, ಮಂಜು ಕಟ್ಟದ ಎರಡು ಬಾಗಿಲಿನ ಫ್ರಿಜ್ಜಿನಲ್ಲಿ ಫ್ರೀಜರಿನ ತಂಪನ್ನು ಕೆಳಗೆ ತಳ್ಳುವುದು ಒಂದು ಸಣ್ಣ ಫ್ಯಾನು. ಕರೆಂಟು ಹೋದರೆ ಅದೂ ನಿಲ್ಲುತ್ತದೆ. ಆಗ ಮೇಲೆ ಕಲ್ಲಿನಂಥ ಮಂಜುಗಡ್ಡೆ ಇದ್ದರೂ ಕೆಳಗಿನ ಹಾಲಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಆದ್ದರಿಂದ ಕರೆಂಟು ಹೋದ ಕೂಡಲೇ ಒಂದೇ ಬಾರಿ ಬಾಗಿಲು ತೆರೆದು, ಎರಡು ಮೂರು ಬಾಟಲಿಗಳನ್ನು ಕೆಳಭಾಗದ ಮೇಲಿನ ತಟ್ಟೆಗೆ ಇಳಿಸಿ, ಹಾಲನ್ನು ಅವುಗಳ ಪಕ್ಕಕ್ಕೆ ಸರಿಸಿ ಮುಚ್ಚಬೇಕು. ಮತ್ತೆ ತೆರೆಯಬಾರದು. 'ಇನ್ನೂ ತಂಪಾಗಿದೆಯೇ' ಎಂದು ಪದೇಪದೇ ಇಣುಕಿ ನೋಡುವುದೇ ಆ ತಂಪಿಗೆ ದೊಡ್ಡ ಶತ್ರು.

ಏಪ್ರಿಲ್ ತಿಂಗಳ ಒಂದು ದಿನವನ್ನೇ ತೆಗೆದುಕೊಳ್ಳೋಣ. ಕಡಿತ ಹತ್ತಕ್ಕೆ ಶುರು. ಫ್ರಿಜ್ಜಿನಲ್ಲಿ ಒಂದು ಲೀಟರ್ ಹಾಲು, ನಿನ್ನೆಯ ಅನ್ನ, ನಿನ್ನೆಯ ಹುಳಿ, ದೋಸೆ ಹಿಟ್ಟು, ಮೊಸರು, ತುರಿದ ಕಾಯಿ, ತರಕಾರಿ ಇವೆ. ಇವುಗಳಲ್ಲಿ ಹೆಚ್ಚು ಅಪಾಯದ್ದು ಯಾವುದು ಎಂದರೆ ಹಲವರು ಹಾಲು ಎನ್ನುತ್ತಾರೆ. ನನ್ನ ಉತ್ತರ ಅನ್ನ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಬೆಚ್ಚಗಿನ ಅನ್ನದಲ್ಲಿ ಅವು ಮೊಳೆತು ಬೆಳೆದು ವಾಂತಿ ತರಿಸುವ ವಿಷವನ್ನು ಸ್ರವಿಸುತ್ತವೆ. ಆ ವಿಷ ಒಗ್ಗರಣೆಯ ಶಾಖಕ್ಕೆ ನಾಶವಾಗುವಂಥದ್ದಲ್ಲ. ಹುಳಿಸಿದ ವಾಸನೆ ಬಂದೇ ಬರುತ್ತದೆ ಎಂಬ ಖಾತರಿಯೂ ಇಲ್ಲ. ಹಾಗಾಗಿ ನಿನ್ನೆಯ ಅನ್ನ ಚಿತ್ರಾನ್ನವಾಗಬೇಕಾದದ್ದು ಕರೆಂಟು ಹೋಗುವ ಮುನ್ನ, ಬೆಳಗಿನ ತಿಂಡಿಗೆ. ಏಳು ಗಂಟೆ ಬೆಚ್ಚಗಾದ ಮೇಲೆ ರಾತ್ರಿಯ ಊಟಕ್ಕಲ್ಲ.

ಹುಳಿಯದೂ ಇದೇ ನ್ಯಾಯ. 'ಚೆನ್ನಾಗಿ ಕುದಿಸಿದರೆ ಆಯಿತು' ಎಂಬ ಮಾತು ಅರ್ಧ ಸತ್ಯ. ಕುದಿತ ಬ್ಯಾಕ್ಟೀರಿಯಗಳನ್ನು ಕೊಲ್ಲುತ್ತದೆ. ಅವು ಅಷ್ಟರೊಳಗೆ ಬಿಟ್ಟಿರುವ ಎಲ್ಲ ವಿಷವನ್ನೂ ಅಳಿಸುವುದಿಲ್ಲ. ಕುದಿಸುವುದಾದರೆ ಅದು ತಣ್ಣಗಿರುವಾಗಲೇ ಕುದಿಸಿ ಮಧ್ಯಾಹ್ನ ಉಂಡು ಮುಗಿಸಬೇಕು. ಹಾಲನ್ನು ನಾಲ್ಕು ಗಂಟೆಯ ಗಡುವಿನೊಳಗೆ, ಅಂದರೆ ಎರಡು ಗಂಟೆಗೆ ಮುನ್ನ, ಕಾಯಿಸಿ ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕುವುದು ನಮ್ಮ ಅಜ್ಜಿಯರು ಫ್ರಿಜ್ಜಿಲ್ಲದೆ ಕಂಡುಕೊಂಡ ದಾರಿ. ಮೊಸರಿನ ಆಮ್ಲವೇ ಅದನ್ನು ಕಾಯುತ್ತದೆ. ದೋಸೆ ಹಿಟ್ಟು ಇನ್ನಷ್ಟು ಹುಳಿಯಾಗುತ್ತದೆ, ಅಷ್ಟೆ. ಕಾಯಿತುರಿಯನ್ನು ಮಾತ್ರ ನಂಬುವಂತಿಲ್ಲ. ತರಕಾರಿ, ಉಪ್ಪಿನಕಾಯಿಗಳ ಚಿಂತೆ ಬೇಡ. ಮೀನು ಮಾಂಸ ಇಟ್ಟಿರುವವರು ನೆನಪಿಡಬೇಕಾದದ್ದು: ಭರ್ತಿಯಾಗಿರುವ ಪ್ರತ್ಯೇಕ ಫ್ರೀಜರು ಮುಚ್ಚಿಟ್ಟರೆ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಡೆಯುತ್ತದೆ. ಒಂಟಿ ಬಾಗಿಲಿನ ಫ್ರಿಜ್ಜಿನ ಸಣ್ಣ ಮಂಜಿನ ಪೆಟ್ಟಿಗೆಗೆ ಈ ಲೆಕ್ಕ ಅನ್ವಯಿಸದು.

ಊರಿಗೆ ಹೋಗಿ ಬಂದವರಿಗೆ ಕರೆಂಟು ಎಷ್ಟು ಹೊತ್ತು ಹೋಗಿತ್ತು ಎಂದು ತಿಳಿಯುವುದು ಹೇಗೆ? ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಬೇಕು. ಮರಳಿದಾಗ ನಾಣ್ಯ ಮೇಲೆಯೇ ಇದ್ದರೆ ಮಂಜುಗಡ್ಡೆ ಕರಗಿರಲಿಲ್ಲ. ತಳದಲ್ಲಿ ಹೆಪ್ಪುಗಟ್ಟಿ ಕೂತಿದ್ದರೆ ಎಲ್ಲವೂ ಒಮ್ಮೆ ಕರಗಿ ಮತ್ತೆ ಗಟ್ಟಿಯಾಗಿದೆ. ನೋಡಲು ಚೆನ್ನಾಗಿದ್ದರೂ ಆ ಮಾಂಸವನ್ನು ಎಸೆಯಬೇಕು. ಕೆಳಭಾಗಕ್ಕೆ ನಾಣ್ಯದ ಉಪಾಯ ನಡೆಯದು. ಅಲ್ಲಿಗೆ ಒಂದು ಸಣ್ಣ ಥರ್ಮಾಮೀಟರು ಬೇಕು. 5 ಡಿಗ್ರಿ ದಾಟಿ ಎರಡು ಗಂಟೆಗಿಂತ ಹೆಚ್ಚಾಗಿದ್ದರೆ ಹಾಲು ಮತ್ತು ಬೇಯಿಸಿದ ಪದಾರ್ಥಗಳನ್ನು ಉಳಿಸಿಕೊಳ್ಳಬಾರದು.

ನೀರಿಲ್ಲದ ದಿನ ಇನ್ನೊಂದು ತೊಡಕು ಸೇರುತ್ತದೆ. ಪಾತ್ರೆ ತೊಳೆಯುವುದನ್ನು ಉಳಿಸಲು ಎಲೆ ಹಾಕಬಹುದು, ಒಂದೇ ಕುಕ್ಕರಿನಲ್ಲಿ ಅಡುಗೆ ಮುಗಿಸಬಹುದು. ಕೈ ಮತ್ತು ಈಳಿಗೆಮಣೆ ತೊಳೆಯುವ ನೀರಿನಲ್ಲಿ ಮಾತ್ರ ಉಳಿತಾಯ ಮಾಡಬಾರದು. ತಂಪು ತಪ್ಪಿದ ಅಡುಗೆಮನೆಯಲ್ಲಿ ಕೊಳಕು ಕೈ ಇಳಿಸುವ ಬ್ಯಾಕ್ಟೀರಿಯಕ್ಕೆ ಬೆಳೆಯಲು ಬೇಕಾದ ಬಿಸಿ ಆಗಲೇ ಸಿದ್ಧವಾಗಿರುತ್ತದೆ.

ಇಷ್ಟೆಲ್ಲವನ್ನೂ ಗೃಹಿಣಿಯ ಜಾಣ್ಮೆಗೇ ಬಿಡುವುದು ನ್ಯಾಯವೇ? ದುರಸ್ತಿಗೆ ಮಾರ್ಗವನ್ನು ಕತ್ತರಿಸಲೇಬೇಕು, ಲೈನ್‌ಮನ್ ಕಂಬದ ಮೇಲಿರುವಾಗ ನಡುವೆ ವಿದ್ಯುತ್ ಹರಿಸಲಾಗದು, ಇದನ್ನು ಒಪ್ಪುತ್ತೇನೆ. ಆದರೆ ಕೊರತೆಯ ಕಾಲದ ಲೋಡ್ ಶೆಡ್ಡಿಂಗ್‌ನಲ್ಲಿ ಆ ನಿರ್ಬಂಧವಿಲ್ಲ. ಆರು ಗಂಟೆಯ ಕಡಿತವನ್ನು ಒಂದೇ ಉಸಿರಿನಲ್ಲಿ ಮುಗಿಸುವ ಬದಲು, ನಡುವೆ ಕೆಲವು ಗಂಟೆ ಬಿಟ್ಟು ಎರಡು ಕಂತಾಗಿಸಿದರೆ ಉಳಿತಾಯವಾಗುವ ವಿದ್ಯುತ್ ಬಹುಮಟ್ಟಿಗೆ ಅಷ್ಟೇ, ಫ್ರಿಜ್ಜಿಗಾಗುವ ಪರಿಣಾಮ ಮಾತ್ರ ಪೂರ್ತಿ ಬೇರೆ. ದುರಸ್ತಿಯ ದಿನಗಳಲ್ಲಾದರೂ, ಕೆಲಸ ಎರಡಕ್ಕೇ ಮುಗಿಯುತ್ತದೆಯೇ, ಐದರವರೆಗೆ ಎಳೆಯುತ್ತದೆಯೇ ಎಂಬ ಒಂದು ಎಸ್ಎಂಎಸ್ ಮಧ್ಯಾಹ್ನ ಹನ್ನೆರಡಕ್ಕೆ ಬರಲಿ. ಹಾಲನ್ನು ಕಾಯಿಸಬೇಕೋ ಹಾಗೆಯೇ ಬಿಡಬೇಕೋ ಎಂದು ತೀರ್ಮಾನಿಸಲು ಆಗ ಇನ್ನೂ ಎರಡು ಗಂಟೆ ಉಳಿದಿರುತ್ತದೆ.