ಅಜ್ಜಿಯ ಹೆಸರು ಎಲ್ಲಿ ಹೋಯಿತು?

ಕಳೆದ ಸುಗ್ಗಿಯಲ್ಲಿ ರಾಗಿ ಹೊಲದ ಬದುವಿನ ಮೇಲೆ ಅಜ್ಜಿಯೊಬ್ಬರನ್ನು ನಿಲ್ಲಿಸಿ ಮಾತಾಡಿಸಿದೆವು. ಬಿತ್ತನೆ ಬೀಜ ಕಾಪಿಡುವುದು ಹೇಗೆ ಎಂದು ಅವರು ಚೆನ್ನಾಗಿ ಹೇಳಿದರು. ವಿಡಿಯೊ ಹಾಕಿದ ಮರುದಿನ ಅವರ ಮೊಮ್ಮಗ ಫೋನ್ ಮಾಡಿದ: "ಅಣ್ಣಾ, ಎಲ್ಲಾ ಹಾಕಿದ್ದೀರಿ, ನಮ್ಮಜ್ಜಿ ಹೆಸರೇ ಹಾಕಿಲ್ವಲ್ಲ?"

ಹಾಕಿದ್ದೆವು. ಆದರೆ ನಮ್ಮ ಲ್ಯಾಪ್‌ಟಾಪಿನಲ್ಲಿ ಕಂಡಿದ್ದು ಅವನ ಫೋನಿನಲ್ಲಿ ಕಂಡಿರಲಿಲ್ಲ. ತೆಗೆದು ನೋಡಿದರೆ ನಾವು ಮಾಡಿದ್ದು ಒಂದಲ್ಲ, ಮೂರು ತಪ್ಪು.

ಮೊದಲನೆಯದು ಜಾಗದ್ದು. ಮಾತಾಡುವವರ ಹೆಸರು, ಊರು ತೋರಿಸುವ ಕ್ಯಾಪ್ಶನ್‌ಗೆ ಲೋವರ್ ಥರ್ಡ್ ಅನ್ನುತ್ತಾರೆ, ಪರದೆಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಬರುತ್ತದೆ ಅಂತ. ಅದು ಟಿವಿಯವರ ಪದ. ಹಳೇ ಡಬ್ಬಾ ಟಿವಿಗಳು ಚಿತ್ರದ ಅಂಚನ್ನು ನುಂಗುತ್ತಿದ್ದವು. ಅದಕ್ಕೇ ನಾಲ್ಕೂ ಕಡೆ ಶೇ. 10ರಷ್ಟು ಬಿಟ್ಟು ಅಕ್ಷರ ಹಾಕಬೇಕೆಂಬ 'ಸೇಫ್ ಝೋನ್' ನಿಯಮ ಬಂತು. ಉದ್ದುದ್ದ ಫೋನ್ ವಿಡಿಯೊಗೆ ಅದು ಸಾಲದು. ಇಲ್ಲಿ ಅಂಚನ್ನು ನುಂಗುವುದು ಆ್ಯಪ್: ಕೆಳಗೆ ಚಾನೆಲ್ ಹೆಸರು, ವಿವರಣೆ, ಬಲಗಡೆ ಲೈಕು, ಕಾಮೆಂಟು, ಶೇರ್ ಗುಂಡಿಗಳು. ಅಜ್ಜಿಯ ಹೆಸರು ನಮ್ಮದೇ ಚಾನೆಲ್ ಹೆಸರಿನಡಿ ಹೂತುಹೋಗಿತ್ತು. ಇದಕ್ಕಿಂತ ನಾಚಿಕೆ ಬೇಕೇ?

ಈಗ ನಾವು 1080 ಅಗಲ, 1920 ಎತ್ತರದ ಚೌಕಟ್ಟಿನಲ್ಲಿ ಕೆಳಗೆ 400, ಮೇಲೆ 250, ಬಲಕ್ಕೆ 160 ಪಿಕ್ಸೆಲ್ ಬಿಟ್ಟುಬಿಡುತ್ತೇವೆ. ಹೆಸರು ಮಾತಾಡುವವರ ಎದೆಯ ಮಟ್ಟಕ್ಕೆ, ಎಡಕ್ಕೆ ಬರುತ್ತದೆ. ಆ್ಯಪ್‌ನವರು ಗುಂಡಿಗಳ ಜಾಗ ಬದಲಿಸುತ್ತಲೇ ಇರುತ್ತಾರೆ, ಹಾಗಾಗಿ ಮೊದಲು ಯಾರಿಗೂ ಕಾಣದಂತೆ ಪ್ರೈವೇಟ್ ಆಗಿ ಹಾಕಿ ನಮ್ಮ ಫೋನಿನಲ್ಲೇ ನೋಡುತ್ತೇವೆ. ಶುರುವಿನ ಟೈಟಲ್ ಕಾರ್ಡಿಗೂ ಇದೇ ಅಳತೆ.

ಎರಡನೆಯದು ಹಿನ್ನೆಲೆ. ಬಿಳಿ ಅಕ್ಷರವನ್ನು ನೇರವಾಗಿ ರಾಗಿ ತೆನೆಗಳ ಮೇಲೆ ಬಿಟ್ಟಿದ್ದೆವು. ನಿಂತ ಫೋಟೊದಲ್ಲಾದರೆ ಹೇಗೋ ನಡೆದೀತು. ಗಾಳಿ ಬೀಸಿದಾಗ ತೆನೆ ಆಡುತ್ತದೆ, ಬಿಸಿಲು ನೆರಳು ಅದಲುಬದಲಾಗುತ್ತದೆ, ಗರಿಯ ಅಗಲವೂ ಅಕ್ಷರದ ಗೆರೆಯ ಅಗಲವೂ ಹೆಚ್ಚುಕಡಿಮೆ ಒಂದೇ. ಕಣ್ಣಿಗೆ ಎರಡನ್ನೂ ಬೇರ್ಪಡಿಸಲು ಆಗುವುದಿಲ್ಲ. ಅಕ್ಷರಕ್ಕೆ ನೆರಳು ಕೊಟ್ಟರೆ ಸಾಕು ಎನ್ನುವವರಿದ್ದಾರೆ. ಬಯಲು ಆಕಾಶದ ಮೇಲೆ ಸಾಕು. ಎಲೆಗಳ ಮೇಲೆ ಆ ನೆರಳೂ ಎಲೆಯ ನೆರಳಿನಲ್ಲಿ ಬೆರೆತುಹೋಗುತ್ತದೆ.

ಹಿಂದೆ ಕಪ್ಪು ಪಟ್ಟಿ ಕೊಡಲೇಬೇಕು ಎಂಬುದು ನಮ್ಮ ಹಟ. ಎಷ್ಟು ಕಪ್ಪು? ವಿಡಿಯೊದಲ್ಲಿ ಹಿನ್ನೆಲೆ ಅತಿ ಬೆಳ್ಳಗಾಗುವ ಕ್ಷಣದಲ್ಲಿ ನಿಲ್ಲಿಸಿ ನೋಡಿ. ಅಜ್ಜಿ ಬಗ್ಗಿದಾಗ ಹಿಂದೆ ಬರೀ ಬಿಳಿ ಆಕಾಶ ಉಳಿಯಿತು. ಅಲ್ಲಿ ಶೇ. 30 ಗಾಢತೆಯ ಕಪ್ಪು ಪಟ್ಟಿ ಹಾಕಿದರೆ ಬಿಳಿ ಅಕ್ಷರದ ಕಾಂಟ್ರಾಸ್ಟ್ ಸುಮಾರು 2:1 ಬರುತ್ತದೆ, ಶೇ. 60 ಹಾಕಿದರೆ 5.7:1. ವೆಬ್‌ಪುಟಗಳ ಸಾಮಾನ್ಯ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕೆಂಬ ಅಳತೆಯಿದೆ. ಶೇ. 60 ಅದನ್ನು ದಾಟುತ್ತದೆ, 30 ಹತ್ತಿರಕ್ಕೂ ಬರುವುದಿಲ್ಲ. ಪಟ್ಟಿ ಹಾಕಿದರೆ ಚಿತ್ರದ ಅಂದ ಕೆಡುತ್ತದೆ ಎಂದು ನಮ್ಮಲ್ಲೇ ಜಗಳವಾಗಿದೆ. ಐದು ಸೆಕೆಂಡ್ ಒಂದಿಷ್ಟು ರಾಗಿ ಮರೆಯಾಗುತ್ತದೆ, ಅಷ್ಟೇ.

ಮೂರನೆಯದು ಕನ್ನಡದ್ದೇ ಸಮಸ್ಯೆ, ಇಂಗ್ಲಿಷಿನ ರೆಡಿಮೇಡ್ ಟೆಂಪ್ಲೇಟ್ ಬಳಸುವವರು ಇಲ್ಲೇ ಎಡವುವುದು. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಹೊಲಿದ ಪಟ್ಟಿಯಲ್ಲಿ ನಮ್ಮ ಒತ್ತಕ್ಷರಕ್ಕೆ ಜಾಗವಿರುವುದಿಲ್ಲ. ಅಜ್ಜಿಯ ಹೆಸರಿನ ಕೊನೆಯ 'ಮ್ಮ'ದ ಒತ್ತು ಪಟ್ಟಿಯ ಅಂಚಿಗೆ ಕತ್ತರಿಸಿ ಬರೀ 'ಮ' ಆಗಿತ್ತು. ಕೆಳಗಿನ ಊರಿನ ಸಾಲು ಬೇರೆ ಅದಕ್ಕೆ ತಾಗಿಕೊಂಡಿತ್ತು. ಈಗ ಎರಡು ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಧಾರಾಳವಾಗಿ ಜಾಗ ಬಿಡುತ್ತೇವೆ. ಪಟ್ಟಿ ಸಾಕೇ ಎಂದು ನೋಡಲು ಮೊದಲು 'ಲಕ್ಷ್ಮಿ' ಎಂದು ಟೈಪ್ ಮಾಡುತ್ತೇವೆ. ಮೇಲಿನ ಗುಡಿಸು, ಕೆಳಗಿನ ಒತ್ತುಗಳು ಎಲ್ಲ ಹಿಡಿಸಿದರೆ ಆ ಪಟ್ಟಿ ನಡೆಯುತ್ತದೆ.

ತೆಳು ಫಾಂಟ್ ಕೂಡ ಬೇಡ. ನೆಟ್‌ವರ್ಕ್ ಸೊರಗಿದಾಗ ವಿಡಿಯೊ 240ಕ್ಕೆ ಇಳಿಯುತ್ತದೆ. ನಾವು ಕೊಟ್ಟ 48 ಪಿಕ್ಸೆಲ್ ಅಕ್ಷರ ಆಗ ಸುಮಾರು 11 ಪಿಕ್ಸೆಲ್ ಎತ್ತರಕ್ಕೆ ಕುಗ್ಗುತ್ತದೆ. 'ಪ'ಕ್ಕೂ 'ಷ'ಕ್ಕೂ ಇರುವ ವ್ಯತ್ಯಾಸ ಒಳಗಿನ ಒಂದು ಸಣ್ಣ ಗೆರೆ, ಅದು ಅಳಿಸಿಹೋಗುತ್ತದೆ. ಈಗ ಹೆಸರಿಗೆ 72, ಊರಿಗೆ 56, ಎರಡೂ ದಪ್ಪ ಅಕ್ಷರ. ಹುದ್ದೆ, ಸಂಘ, ತಾಲ್ಲೂಕು ಎಲ್ಲ ತುರುಕುವುದನ್ನು ಬಿಟ್ಟಿದ್ದೇವೆ. ಹೆಸರು, ಊರು ಎರಡನ್ನೂ ಜೋರಾಗಿ ಎರಡು ಸಲ ಓದಿ ಮುಗಿಯುವಷ್ಟು ಹೊತ್ತು ಪಟ್ಟಿ ಪರದೆ ಮೇಲಿರಬೇಕು.

ಅಜ್ಜಿಯ ವಿಡಿಯೊ ತೆಗೆದು, ಹೀಗೆ ತಿದ್ದಿ ಮತ್ತೆ ಹಾಕಿದೆವು. ಹಳೆಯದಕ್ಕೆ ಬಂದಿದ್ದ ಲೈಕು, ಕಾಮೆಂಟು ಎಲ್ಲ ಹೋದವು. ಮೊಮ್ಮಗ ನಡುಮಧ್ಯಾಹ್ನ ಅಂಗಳದ ಬಿಸಿಲಲ್ಲಿ ನಿಂತು, ಫೋನನ್ನು ಕೈಯಳತೆ ದೂರಕ್ಕೆ ಹಿಡಿದು, ಅಜ್ಜಿಗೆ ಅವರ ಹೆಸರನ್ನು ಓದಿ ಹೇಳಿದನಂತೆ. ಒತ್ತಕ್ಷರ ಸಮೇತ.