ಆಕಾಶದಲ್ಲಿ ಮಾತು ನಿಂತರೆ?

2017ರ ಫೆಬ್ರವರಿಯಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹೊರಟಿದ್ದ ಜೆಟ್ ಏರ್‌ವೇಸ್ ವಿಮಾನವೊಂದು ಜರ್ಮನಿಯ ಮೇಲೆ ಹಾರುವಾಗ ಸ್ವಲ್ಪ ಹೊತ್ತು ಯಾರ ಕರೆಗೂ ಓಗೊಡಲಿಲ್ಲ. ಕೂಡಲೇ ಜರ್ಮನ್ ವಾಯುಪಡೆಯ ಯುದ್ಧವಿಮಾನಗಳು ಅದರ ಪಕ್ಕಕ್ಕೆ ಬಂದು ಹಾರತೊಡಗಿದವು. ಸಂಪರ್ಕ ಮತ್ತೆ ಕೂಡಿಕೊಂಡಿತು, ವಿಮಾನ ಕ್ಷೇಮವಾಗಿ ಲಂಡನ್ ಸೇರಿತು. ಆದರೆ ರೇಡಿಯೊ ನಿಜಕ್ಕೂ ಕೆಟ್ಟೇಹೋದರೆ ಪೈಲಟ್ ಏನು ಮಾಡಬೇಕು?

ಮೊದಲು ಮಾಡುವ ಕೆಲಸ ಬಹಳ ಸಾಮಾನ್ಯದ್ದು. ಧ್ವನಿಯ ಗುಂಡಿ ಕೆಳಗಿಳಿದಿದೆಯೇ, ಹೆಡ್‌ಫೋನಿನ ಪಿನ್ನು ಸಡಿಲವಾಗಿದೆಯೇ, ತಪ್ಪು ತರಂಗಾಂತರಕ್ಕೆ ತಿರುಗಿಸಿದ್ದೇವೆಯೇ ಎಂದು ನೋಡುವುದು. ಎಷ್ಟೋ ಸಲ ತೊಂದರೆ ಇಲ್ಲೇ ಸಿಗುತ್ತದೆ. ಸಿಗದಿದ್ದರೆ ಹಿಂದಿನ ತರಂಗಾಂತರಕ್ಕೆ ಮರಳಿ ಕರೆಯುತ್ತಾರೆ. ಅಲ್ಲೂ ಉತ್ತರವಿಲ್ಲದಿದ್ದರೆ 121.5 ಮೆಗಾಹರ್ಟ್ಸ್ ಎಂಬ ತುರ್ತು ತರಂಗಾಂತರದಲ್ಲಿ ಪ್ರಯತ್ನಿಸುತ್ತಾರೆ.

ಯಾವುದೂ ಫಲಿಸದಾಗ ಟ್ರಾನ್ಸ್‌ಪಾಂಡರಿನ ಸರದಿ. ರೇಡಾರ್ ವಿಚಾರಿಸಿದಾಗಲೆಲ್ಲ ವಿಮಾನದ ಗುರುತನ್ನು ಅಂಕಿಗಳಲ್ಲಿ ಹೇಳುವ ಉಪಕರಣ ಇದು. ಅದರಲ್ಲಿ 7600 ಎಂದು ಇಟ್ಟರೆ ಸಾಕು, ‘ನನ್ನ ರೇಡಿಯೊ ಕೆಟ್ಟಿದೆ’ ಎಂಬ ಸುದ್ದಿ ನಿಯಂತ್ರಕರ ಪರದೆಯ ಮೇಲೆ ಮೂಡುತ್ತದೆ. ಕೆಲವೊಮ್ಮೆ ಪೈಲಟ್‌ಗೆ ಕೇಳಿಸುತ್ತಿರುತ್ತದೆ, ಮಾತಾಡಲು ಮಾತ್ರ ಆಗುತ್ತಿರುವುದಿಲ್ಲ. ಆದ್ದರಿಂದ ನಿಯಂತ್ರಕರು, ‘ಕೇಳಿಸುತ್ತಿದ್ದರೆ ಗುರುತಿನ ಗುಂಡಿ ಒತ್ತಿ’ ಎನ್ನುತ್ತಾರೆ. ಪರದೆಯ ಮೇಲಿನ ಚುಕ್ಕೆ ಬದಲಾಗಿ ಕಂಡರೆ ಅದೇ ‘ಹೌದು’ ಎಂಬ ಉತ್ತರ.

ಹೊರಗೆ ತಿಳಿಯಾಗಿದ್ದರೆ ಲೆಕ್ಕ ಸುಲಭ. ಕಣ್ಣಿಗೆ ಕಾಣುವ ವಾತಾವರಣದಲ್ಲೇ ಉಳಿದು ಹತ್ತಿರದ ತಕ್ಕ ನಿಲ್ದಾಣದಲ್ಲಿ ಇಳಿಯಬೇಕು. ಮೋಡದೊಳಗಿದ್ದರೆ? ಆಗ ಪೈಲಟ್ ತನಗೆ ತೋಚಿದಂತೆ ಮಾಡುವ ಹಾಗಿಲ್ಲ. ಆತ ಮುಂದೇನು ಮಾಡುತ್ತಾನೆಂದು ನೆಲದ ಮೇಲಿನವರು ಮೊದಲೇ ಊಹಿಸುವಂತಿರಬೇಕು. ಹಾಗಾದರೆ ಮಾತ್ರ ಅವರು ಉಳಿದ ವಿಮಾನಗಳನ್ನು ಅವನ ದಾರಿಯಿಂದ ಸರಿಸಬಲ್ಲರು.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ನಿಯಮವನ್ನು ಒಂದು ಉದಾಹರಣೆಯಿಂದ ನೋಡೋಣ. ವಿಮಾನವೊಂದು 24,000 ಅಡಿಯಲ್ಲಿ ಹಾರುವುದಾಗಿ ಹೊರಡುವ ಮೊದಲೇ ಯೋಜನೆ ಬರೆದುಕೊಟ್ಟಿದೆ. ಸದ್ಯಕ್ಕೆ ನಿಯಂತ್ರಕರು ಅದಕ್ಕೆ 10,000 ಅಡಿಯಲ್ಲಿರಲು ಹೇಳಿದ್ದಾರೆ. ಅದು 9 ಗಂಟೆ 58 ನಿಮಿಷಕ್ಕೆ ಆ ಎತ್ತರ ಮುಟ್ಟಿದೆ. 10 ಗಂಟೆ 2 ನಿಮಿಷಕ್ಕೆ ರೇಡಿಯೊ ಸತ್ತಿತು. ಎಲ್ಲ ಪರೀಕ್ಷಿಸಿ 10 ಗಂಟೆ 4 ನಿಮಿಷಕ್ಕೆ ಪೈಲಟ್ 7600 ಇಟ್ಟ.

ರೇಡಾರ್ ಇರುವ ಕಡೆ ಅವನು 7 ನಿಮಿಷ ಅದೇ ಎತ್ತರ, ಅದೇ ವೇಗದಲ್ಲಿ ಹೋಗಬೇಕು. ಬೆಟ್ಟಗುಡ್ಡಗಳಿಗಾಗಿ ಗೊತ್ತುಮಾಡಿದ ಕನಿಷ್ಠ ಎತ್ತರ ಅದಕ್ಕಿಂತ ಹೆಚ್ಚಿದ್ದರೆ ಮಾತ್ರ ಮೇಲೇರಬೇಕು. ಹೇಳಿದ ಎತ್ತರ ಮುಟ್ಟಿದ್ದು, 7600 ಇಟ್ಟದ್ದು, ವರದಿ ಕೊಡಬೇಕಾದ ಸ್ಥಳದಲ್ಲಿ ಕೊಡಲಾಗದೆ ಹೋದದ್ದು, ಈ ಮೂರರಲ್ಲಿ ಕೊನೆಗೆ ನಡೆದದ್ದರಿಂದ ಎಣಿಕೆ ಶುರು. ದಾರಿಯಲ್ಲಿ ವರದಿಯ ಸ್ಥಳ ಬಂದಿಲ್ಲವಾದ್ದರಿಂದ ಇಲ್ಲಿ 10:04ರಿಂದ ಎಣಿಸಬೇಕು. ಅಂದರೆ 10:11ರವರೆಗೆ 10,000 ಅಡಿ. ಆ 7 ನಿಮಿಷ ನಿಯಂತ್ರಕರು ದಾರಿ ತೆರವು ಮಾಡಲು ಸಿಕ್ಕ ಸಮಯ. ಬಳಿಕ ಯೋಜನೆಯಂತೆ ಪೈಲಟ್ 24,000 ಅಡಿಗೆ ಏರುತ್ತಾನೆ. ರೇಡಾರ್ ಇಲ್ಲದ ಕಡೆ ಕಾಯುವ ಹೊತ್ತು 20 ನಿಮಿಷ.

ಯೋಜನೆಯ ಪ್ರಕಾರ ತಲುಪಬೇಕಾದ ಸಮಯ 11:05 ಎನ್ನಿ. ಗಾಳಿ ಅನುಕೂಲವಾಗಿ 10:58ಕ್ಕೇ ತಲುಪಿದರೂ ಆತ ಇಳಿಯತೊಡಗುವಂತಿಲ್ಲ. ನಿಲ್ದಾಣದ ಮಾರ್ಗಸೂಚಕ ಸಾಧನದ ಮೇಲೆ ಸುತ್ತುತ್ತಾ 11:05 ಆದಮೇಲೆ ಇಳಿಯಲಾರಂಭಿಸಿ, ಸಾಧ್ಯವಾದರೆ 11:35ರೊಳಗೆ ನೆಲ ಮುಟ್ಟಬೇಕು. ಆದರೆ ‘ಇಂಥ ಹೊತ್ತಿಗೆ ಇಳಿಯಲು ಬನ್ನಿ’ ಎಂದು ರೇಡಿಯೊ ಕೆಡುವ ಮೊದಲೇ ನಿಯಂತ್ರಕರು ಹೇಳಿ, ಪೈಲಟ್ ಒಪ್ಪಿದ್ದರೆ ಆ ಸಮಯವೇ ಲೆಕ್ಕಕ್ಕೆ. ಅಮೆರಿಕದಂಥ ದೇಶಗಳಲ್ಲಿ ನಿಯಮದ ವಿವರ ಬೇರೆ. ಹಾಗಾಗಿ ಹಾರುವ ದೇಶದ ನಿಯಮ ಪೈಲಟ್‌ಗೆ ಮೊದಲೇ ಬಾಯಿಪಾಠವಾಗಿರಬೇಕು.

ಟವರ್ ಕಣ್ಣಿಗೆ ಬಿದ್ದಮೇಲೆ ಮಾತಿನ ಬದಲು ದೀಪ. ಹಾರುತ್ತಿರುವ ವಿಮಾನದತ್ತ ನಿಶ್ಚಲ ಹಸಿರು ಬೆಳಕು ಬಂದರೆ ಇಳಿಯಬಹುದು. ನಿಶ್ಚಲ ಕೆಂಪಾದರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರಬೇಕು. ಮಿನುಗುವ ಕೆಂಪಾದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಬೇಡಿ ಎಂದರ್ಥ. ‘ತಿಳಿಯಿತು’ ಎನ್ನಲು ಪೈಲಟ್ ಹಗಲಲ್ಲಿ ರೆಕ್ಕೆಗಳನ್ನು ಓಲಾಡಿಸುತ್ತಾನೆ, ರಾತ್ರಿಯಲ್ಲಿ ದೀಪ ಮಿನುಗಿಸುತ್ತಾನೆ. ಮುಂದೆಂದಾದರೂ ನಿಲ್ದಾಣದ ಬಳಿ ವಿಮಾನವೊಂದು ಹಾಗೆ ರೆಕ್ಕೆ ಅಲ್ಲಾಡಿಸಿದರೆ, ಅದು ಟವರಿಗೆ ಉತ್ತರ ಕೊಡುತ್ತಿರಬಹುದು!